ಎಷ್ಟು ಹೊತ್ತು ಕಾಯೋದು?

ನೆಟ್‌ವರ್ಕಿನಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಕಳಿಸಿದವನಿಗೆ ಸಾಮಾನ್ಯವಾಗಿ ಯಾರೂ ಬಂದು ಹೇಳೋದಿಲ್ಲ. ಜಾಗ ತುಂಬಿಹೋದ ರೌಟರ್ ಅದನ್ನು ಸುಮ್ಮನೆ ಬೀಳಿಸಿ ತನ್ನ ಮುಂದಿನ ಕೆಲಸ ನೋಡಿಕೊಳ್ಳುತ್ತೆ. ಕಳಿಸಿದವನ ಪಾಲಿಗೆ ಉಳಿಯೋದು ಮೌನ ಮಾತ್ರ. ಪ್ಯಾಕೆಟ್ ನಿಜವಾಗಿ ಬಿದ್ದುಹೋಗಿರಬಹುದು, ದಾರಿಯಲ್ಲಿ ಯಾವುದೋ ಕ್ಯೂನಲ್ಲಿ ನಿಂತಿರಬಹುದು, ಅಥವಾ ಅದು ಸರಿಯಾಗಿ ತಲುಪಿ "ಬಂತು" ಅಂತ ಹೇಳಬೇಕಾದ ಅಕ್ನಾಲೆಜ್‌ಮೆಂಟೇ ವಾಪಸ್ ಬರುವಾಗ ಕಳೆದಿರಬಹುದು. ಮೂರೂ ಈ ಕಡೆಯವನಿಗೆ ಒಂದೇ ಥರ ಕಾಣುತ್ತೆ.

ಹಾಗಾಗಿ ಟಿಸಿಪಿ ಪ್ರತಿ ಕ್ಷಣ ಕೇಳಿಕೊಳ್ಳುವ ಪ್ರಶ್ನೆ: ಇನ್ನೂ ಎಷ್ಟು ಹೊತ್ತು ಕಾಯೋದು? ಬೇಗ ತಾಳ್ಮೆ ಕಳಕೊಂಡರೆ, ಕ್ಯೂನಲ್ಲಿ ನಿಂತಿರುವ ಪ್ಯಾಕೆಟ್ಟಿನ ಹಿಂದೆ ಅದರದ್ದೇ ಇನ್ನೊಂದು ಕಾಪಿಯನ್ನು ನಿಲ್ಲಿಸಿದ ಹಾಗಾಗುತ್ತೆ. ತುಂಬಾ ತಾಳ್ಮೆ ತೋರಿಸಿದರೆ ಮೊಬೈಲ್ ಹಿಡಕೊಂಡು ಕೂತವರು ತಿರುಗುವ ಚಕ್ರ ನೋಡ್ತಾ ಇರ್ತಾರೆ.

ಮೊದಮೊದಲು ಇದಕ್ಕೆ ಸರಳ ಉತ್ತರ ಇತ್ತು. ಪ್ಯಾಕೆಟ್ ಹೋಗಿ ಅದರ ಅಕ್ನಾಲೆಜ್‌ಮೆಂಟ್ ವಾಪಸ್ ಬರಲು ಹಿಡಿಯುವ ಸಮಯವೇ ರೌಂಡ್ ಟ್ರಿಪ್ ಟೈಮ್, ಅಂದ್ರೆ ಆರ್‌ಟಿಟಿ. ಅದರ ಸರಾಸರಿ ಇಟ್ಟುಕೊಂಡು, ಸುಮಾರು ಎರಡರಿಂದ ಗುಣಿಸಿ, ಅಷ್ಟು ಹೊತ್ತು ಕಾಯಿರಿ. 1981ರ ಟಿಸಿಪಿ ಸ್ಪೆಸಿಫಿಕೇಶನ್ ಕೊಟ್ಟ ಉದಾಹರಣೆ ಹೆಚ್ಚುಕಮ್ಮಿ ಇದೇ.

ಇದರಲ್ಲಿ ಏನು ತಪ್ಪು ಅನ್ನೋದು ಹಳ್ಳಿ ಬಸ್ಸಿಗೆ ಕಾದವರಿಗೆ ಬೇಗ ಗೊತ್ತಾಗುತ್ತೆ. ನಮ್ಮೂರಿಗೆ ಎರಡು ಬಸ್ಸು ಬರ್ತಿದ್ದವು. ಬೆಳಗಿನ ಬಸ್ಸು ದಿನವೂ ಹತ್ತು ನಿಮಿಷ ಲೇಟು, ಒಂದೆರಡು ನಿಮಿಷ ಆಚೀಚೆ. ಸಂಜೆಯದ್ದರ ಸರಾಸರಿ ಲೇಟೂ ಅಷ್ಟೇ ಇದ್ದೀತು, ಆದ್ರೆ ಒಂದು ದಿನ ಸರಿಯಾದ ಟೈಮಿಗೆ ಬಂದರೆ ಇನ್ನೊಂದು ದಿನ ಅರ್ಧ ಗಂಟೆ ಬಿಟ್ಟು. ಬೆಳಗಿನ ಬಸ್ಸು ಹದಿನೈದು ನಿಮಿಷ ಆದ್ರೂ ಬರಲಿಲ್ಲ ಅಂದ್ರೆ ಕೆಟ್ಟು ನಿಂತಿದೆ ಅಂತಲೇ ಅರ್ಥ, ಜನ ನಡಕೊಂಡು ಹೊರಟುಬಿಡೋರು. ಸಂಜೆ ಹದಿನೈದು ನಿಮಿಷಕ್ಕೆ ಯಾರೂ ಕಟ್ಟೆಯಿಂದ ಏಳ್ತಿರಲಿಲ್ಲ. ಸರಾಸರಿ ಒಂದೇ ಆದ್ರೂ ಕಾಯುವ ಅವಧಿ ಬೇರೆ, ಯಾಕಂದ್ರೆ ಅದನ್ನು ನಿರ್ಧರಿಸೋದು ಆ ಸರಾಸರಿಯ ಸುತ್ತ ಬಸ್ಸು ಎಷ್ಟು ಹೊಯ್ದಾಡುತ್ತೆ ಅನ್ನೋದು.

ನೆಟ್‌ವರ್ಕ್ ಖಾಲಿ ಇದ್ದಾಗ ಆರ್‌ಟಿಟಿ ಬೆಳಗಿನ ಬಸ್ಸು. ಲೋಡ್ ಏರಿದ ಹಾಗೆ ಕ್ಯೂಗಳು ಉದ್ದ ಆಗಿ, ಗಿಡ್ಡ ಆಗಿ, ಅದು ಸಂಜೆ ಬಸ್ಸಾಗುತ್ತೆ. ಎರಡರಿಂದ ಗುಣಿಸುವ ಲೆಕ್ಕಕ್ಕೆ ಈ ಹೊಯ್ದಾಟ ಕಾಣೋದೇ ಇಲ್ಲ. ಆದ್ದರಿಂದ ಲೋಡ್ ಹೆಚ್ಚಿದಾಗಲೇ ಅದು ಬದುಕಿರುವ ಪ್ಯಾಕೆಟ್‌ಗಳನ್ನು ಸತ್ತವು ಅಂತ ತಿಳಿದು ಮತ್ತೆ ಕಳಿಸೋಕೆ ಶುರುಮಾಡುತ್ತೆ. ತುಂಬಿದ ದಾರಿಗೆ ಇನ್ನಷ್ಟು ತುಂಬುತ್ತೆ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ, ಬರೀ 400 ಗಜ ದೂರದಲ್ಲಿ, ಡೇಟಾ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಇಳಿಯಿತು. ಅದಕ್ಕೆ ಕಾರಣ ಇದೊಂದೇ ಅಲ್ಲ, ಆದ್ರೆ ಈ ಕೆಟ್ಟ ಟೈಮರ್ ಅದರಲ್ಲಿ ಒಂದು. ಅದನ್ನು ಬೆನ್ನುಹತ್ತಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವೇ ಸಣ್ಣ ತಿದ್ದುಪಡಿಗಳೊಂದಿಗೆ ಇವತ್ತೂ ನಡೀತಿರೋದು:

```
RTTVAR = 3/4 * RTTVAR + 1/4 * |SRTT - R|
SRTT   = 7/8 * SRTT   + 1/8 * R
RTO    = SRTT + 4 * RTTVAR
```

`R` ಈಗ ತಾನೇ ಅಳೆದ ಆರ್‌ಟಿಟಿ. `SRTT` ಅಂದ್ರೆ ನಿಧಾನಕ್ಕೆ ಬದಲಾಗುವ ಸರಾಸರಿ. `RTTVAR` ಹೊಯ್ದಾಟದ ಅಳತೆ. `RTO` ಕಾಯುವ ಅವಧಿ. ಒಂದು ಲೆಕ್ಕ ಮಾಡಿ ನೋಡಿ. ಸರಾಸರಿ 100 ಮಿಲಿಸೆಕೆಂಡ್, ಹೊಯ್ದಾಟ 10 ಇದ್ದರೆ ಕಾಯುವ ಅವಧಿ 140. ಈಗ ಇದ್ದಕ್ಕಿದ್ದ ಹಾಗೆ 180 ಮಿಲಿಸೆಕೆಂಡಿನ ಒಂದು ಅಳತೆ ಬಂತು ಅನ್ನಿ. ವ್ಯತ್ಯಾಸ 80, ಅದರ ಕಾಲುಭಾಗ ಸೇರಿ ಹೊಯ್ದಾಟ 27.5 ಆಯ್ತು. ಸರಾಸರಿ ಏರಿದ್ದು 110ಕ್ಕೆ ಮಾತ್ರ. ಆದ್ರೆ ಕಾಯುವ ಅವಧಿ 140ರಿಂದ 220ಕ್ಕೆ ಹಾರಿತು. ಒಂದೇ ಒಂದು ತಡವಾದ ಅಳತೆ ಟಿಸಿಪಿಗೆ "ಇದು ಸಂಜೆ ಬಸ್ಸು, ತಾಳು" ಅಂತ ಹೇಳಿಬಿಟ್ಟಿತು. ಎಂಟನೇ ಒಂದು, ನಾಲ್ಕನೇ ಒಂದು ಅಂತ ಇರೋದಕ್ಕೆ ಕಾರಣವೂ ಉಂಟು: ಆ ಭಾಗಾಕಾರಗಳನ್ನು ಬಿಟ್‌ ಸರಿಸಿ ಮಾಡಿಬಿಡಬಹುದು. ಸ್ಟ್ಯಾಂಡರ್ಡ್ ಡೀವಿಯೇಶನ್ ಬದಲು ಬರೀ ವ್ಯತ್ಯಾಸ ಹಿಡಿದದ್ದೂ ವರ್ಗಮೂಲ ತಪ್ಪಿಸೋಕೆ.

ಈ ಅವಧಿ ಮುಗಿದರೂ ಉತ್ತರ ಇಲ್ಲ ಅಂದ್ರೆ ಪ್ಯಾಕೆಟ್ ಮತ್ತೆ ಹೋಗುತ್ತೆ, ಟೈಮರ್ ದುಪ್ಪಟ್ಟಾಗುತ್ತೆ. ಇಲ್ಲೊಂದು ಗೊಂದಲ ಇದೆ. ಸೊನ್ನೆ ಸೆಕೆಂಡಿಗೆ ಕಳಿಸಿದ್ದು, ಒಂದು ಸೆಕೆಂಡಿಗೆ ಮತ್ತೆ ಕಳಿಸಿದ್ದು, 1.1 ಸೆಕೆಂಡಿಗೆ ಉತ್ತರ ಬಂತು. ಆರ್‌ಟಿಟಿ 1.1 ಸೆಕೆಂಡೋ, ಬರೀ 0.1 ಸೆಕೆಂಡೋ? ಉತ್ತರ ಯಾವ ಕಾಪಿಗೆ ಬಂದದ್ದು ಅಂತ ಹೇಳೋಕಾಗಲ್ಲ. ಫಿಲ್ ಕಾರ್ನ್ ಮತ್ತು ಕ್ರೇಗ್ ಪಾರ್ಟ್ರಿಜ್ 1987ರಲ್ಲಿ ಹೇಳಿದ್ದು: ಇಂಥ ಅಳತೆಯನ್ನು ಲೆಕ್ಕಕ್ಕೇ ಹಿಡೀಬೇಡಿ, ಗೊಂದಲ ಇಲ್ಲದ ಅಳತೆ ಸಿಗೋ ತನಕ ದುಪ್ಪಟ್ಟಾದ ಟೈಮರನ್ನೇ ಇಟ್ಟುಕೊಳ್ಳಿ. ಈಗ ಪ್ಯಾಕೆಟ್ಟಿನಲ್ಲೇ ಟೈಮ್‌ಸ್ಟ್ಯಾಂಪ್ ಕಳಿಸುವ ಸೌಲಭ್ಯ ಇರೋದ್ರಿಂದ ಎರಡೂ ಕಡೆ ಅದು ಆನ್ ಇದ್ದರೆ ಈ ತೊಂದರೆ ಇಲ್ಲ.

ಎಷ್ಟೇ ಚೆನ್ನಾಗಿ ಲೆಕ್ಕ ಹಾಕಿದರೂ ಗಡಿಯಾರ ನೋಡಿ ಕಾಯೋದು ಕೊನೆಯ ದಾರಿ. ಅದಕ್ಕಿಂತ ಬೇಗ ಸಿಗುವ ಸುಳಿವು ಒಂದಿದೆ. ಹತ್ತು ಪ್ಯಾಕೆಟ್ ಸಾಲಾಗಿ ಕಳಿಸಿದಿರಿ, ಮೂರನೆಯದು ಬಿತ್ತು ಅನ್ನಿ. ಆ ಕಡೆಯವನಿಗೆ ನಾಲ್ಕನೆಯದು ತಲುಪಿದಾಗ ಅವನು "ನನಗೆ ಮೂರು ಬೇಕು" ಅಂತಾನೆ. ಐದು ಬಂದಾಗಲೂ "ಮೂರು ಬೇಕು". ಆರು ಬಂದಾಗಲೂ ಅದೇ. ಹೀಗೆ ಒಂದೇ ಮಾತು ಮೂರು ಸಲ ಹೆಚ್ಚುವರಿಯಾಗಿ ಕೇಳಿಸಿದ ತಕ್ಷಣ ಟಿಸಿಪಿ ಟೈಮರ್ ಮುಗಿಯೋಕೆ ಕಾಯದೆ ಮೂರನೆಯದನ್ನು ಮತ್ತೆ ಕಳಿಸುತ್ತೆ. ಫಾಸ್ಟ್ ರೀಟ್ರಾನ್ಸ್‌ಮಿಟ್ ಅಂದ್ರೆ ಇದು. ಒಂದೇ ಸಲಕ್ಕೆ ಯಾಕಲ್ಲ ಅಂದ್ರೆ, ಬೇರೆ ಬೇರೆ ದಾರಿ ಹಿಡಿದ ಪ್ಯಾಕೆಟ್‌ಗಳು ಕೆಲವು ಸಲ ಹಿಂದುಮುಂದಾಗಿ ಬರ್ತವೆ. ಮೂರನೆಯದು ನಾಲ್ಕನೆಯದರ ಹಿಂದೆಯೇ ಬರ್ತಿರಬಹುದು.

ಆ ಮೂರು ಸುಳಿವು ಬಂದದ್ದಕ್ಕೆ ಇನ್ನೊಂದು ಅರ್ಥವೂ ಇದೆ. ಪ್ಯಾಕೆಟ್‌ಗಳು ಇನ್ನೂ ತಲುಪ್ತಾ ಇವೆ, ದಾರಿ ಪೂರ್ತಿ ಮುಚ್ಚಿಲ್ಲ. ಅದಕ್ಕೇ ಟಿಸಿಪಿ ಆಗ ತನ್ನ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿ ಮುಂದುವರಿಯುತ್ತೆ. ಟೈಮರ್ ಮುಗಿದರೆ ಮಾತ್ರ ಎಲ್ಲ ಬಿಟ್ಟು ಒಂದು ಪ್ಯಾಕೆಟ್ಟಿನಿಂದ ಮತ್ತೆ ಶುರು. ಈಗಿನ ಲಿನಕ್ಸ್ ಬರೀ ಎಣಿಕೆಯನ್ನೇ ನಂಬಿ ಕೂರೋದಿಲ್ಲ, ಆಮೇಲೆ ಕಳಿಸಿದ್ದು ತಲುಪಿ ಎಷ್ಟು ಹೊತ್ತಾಯ್ತು ಅನ್ನೋದನ್ನೂ ನೋಡುತ್ತೆ. ಆದ್ರೆ ಮೂಲ ತತ್ವ ಅದೇ: ಹಿಂದೆ ಬಂದವರು ಮುಂದೆ ಹೋದವರ ಸುದ್ದಿ ಹೇಳಬೇಕು.

ಹಿಂದೆ ಯಾರೂ ಇಲ್ಲದಿದ್ದರೆ?

ಕೆಲಸದಲ್ಲಿ ಇದೇ ಎದುರಾಯ್ತು. ಒಂದೇ ಡೇಟಾ ಸೆಂಟರಿನೊಳಗೆ ನಮ್ಮ ಒಂದು ಸರ್ವಿಸ್ ಇನ್ನೊಂದನ್ನು ಕೇಳ್ತಿತ್ತು. ಉತ್ತರ ಒಂದು ಕೆಬಿಗೂ ಕಡಿಮೆ, ಅಂದ್ರೆ ಒಂದೇ ಪ್ಯಾಕೆಟ್. ಆರ್‌ಟಿಟಿ ಅರ್ಧ ಮಿಲಿಸೆಕೆಂಡ್. ಸಾಮಾನ್ಯವಾಗಿ ಮೂರು ಮಿಲಿಸೆಕೆಂಡಿನಲ್ಲಿ ಮುಗಿಯೋ ಕರೆಗಳ ಪೈಕಿ ಕೆಲವು ಮಾತ್ರ ಇನ್ನೂರು ದಾಟ್ತಿದ್ದವು. "ಡೇಟಾಬೇಸ್ ಸ್ಲೋ ಇರಬೇಕು ಗುರು" ಅಂದರು ಪಕ್ಕದ ಟೀಮಿನವರು. ಆದ್ರೆ ಡೇಟಾಬೇಸ್ ಸುಸ್ತಾದರೆ ತಡ 50, 90, 300 ಅಂತ ಚೆಲ್ಲಾಪಿಲ್ಲಿ ಇರುತ್ತೆ. ನಮ್ಮ ಗ್ರಾಫಿನಲ್ಲಿ ಒಂದು ಗುಡ್ಡ ಸರಿಯಾಗಿ 200ರ ಆಚೆಗೆ, ಇನ್ನೊಂದು ಪುಟ್ಟ ಗುಡ್ಡ 600ರ ಹತ್ತಿರ, ಮಧ್ಯೆ ಬಯಲು. 200 ಕಾದು, ದುಪ್ಪಟ್ಟಾಗಿ 400 ಕಾದರೆ ಒಟ್ಟು 600. ಗಡಿಯಾರ ಹಿಡಿದು ಕೂತವರ ಸಹಿ ಇದು. ಕನೆಕ್ಷನ್ ಶುರುಮಾಡುವ ಮೊದಲ ಪ್ಯಾಕೆಟ್ಟೇ ಬಿದ್ದಿದ್ದರೆ ಗುಡ್ಡ ಒಂದು ಸೆಕೆಂಡಿನ ಹತ್ತಿರ ಇರ್ತಿತ್ತು, ಯಾಕಂದ್ರೆ ಯಾವ ಅಳತೆಯೂ ಇಲ್ಲದಾಗ ಟಿಸಿಪಿ ಕಾಯೋದು ಒಂದು ಸೆಕೆಂಡ್.

ಉತ್ತರ ಕಳಿಸುವ ಮಶಿನಿನಲ್ಲಿ `ss -ti` ಓಡಿಸಿದಾಗ ಕಂಡದ್ದು:

```
rto:204 rtt:0.512/0.24 ... retrans:0/7
```

ಸರಾಸರಿ ಅರ್ಧ ಮಿಲಿಸೆಕೆಂಡ್, ಹೊಯ್ದಾಟ ಕಾಲು ಮಿಲಿಸೆಕೆಂಡ್. ಜೇಕಬ್ಸನ್ ಲೆಕ್ಕದ ಪ್ರಕಾರ ಕಾಯಬೇಕಾದ್ದು ಒಂದೂವರೆ ಮಿಲಿಸೆಕೆಂಡ್. ಆದ್ರೆ ಲಿನಕ್ಸ್ ತನ್ನ ಕಡೆಯಿಂದ 200 ಮಿಲಿಸೆಕೆಂಡಿನ ಕನಿಷ್ಠ ಮಿತಿ ಇಟ್ಟಿದೆ. ಸ್ಟ್ಯಾಂಡರ್ಡ್ ಪ್ರಕಾರ ಅದು ಇನ್ನೂ ಹೆಚ್ಚು, ಒಂದು ಸೆಕೆಂಡ್ ಇರಬೇಕು. ಆ ಕನೆಕ್ಷನ್‌ನಲ್ಲಿ ಏಳು ಸಲ ಮತ್ತೆ ಕಳಿಸಿದ್ದೂ ಕಾಣ್ತಿದೆ. `nstat -az` ನೋಡಿದರೆ `TcpExtTCPTimeouts` ಏರ್ತಿತ್ತು, `TcpExtTCPFastRetrans` ಅಲ್ಲಾಡ್ತಿರಲಿಲ್ಲ.

ಪ್ಯಾಕೆಟ್ ಯಾಕೆ ಬೀಳ್ತಿತ್ತು ಅಂದ್ರೆ, ಕೇಳುವ ಮಶಿನಿಗೆ ಕೆಲವು ನಿಮಿಷಕ್ಕೊಮ್ಮೆ ಬೇರೆ ಕಡೆಯಿಂದ ದೊಡ್ಡ ಫೈಲ್ ಬರ್ತಿತ್ತು. ಆಗ ಸ್ವಿಚ್ಚಿನ ಆ ಪೋರ್ಟಿನ ಬಫರ್ ತುಂಬಿ ಎಲ್ಲರ ಪ್ಯಾಕೆಟ್ಟೂ ಬೀಳ್ತಿದ್ದವು. ಫೈಲ್ ಕಳಿಸುವವನ ಕಡೆ ನೋಡಿದರೆ ಫಾಸ್ಟ್ ರೀಟ್ರಾನ್ಸ್‌ಮಿಟ್ ಸಾಕಷ್ಟು. ಅವನ ಹಿಂದೆ ಸಾಲುಸಾಲು ಪ್ಯಾಕೆಟ್ ಇದ್ದದ್ದರಿಂದ ಕೆಲವೇ ಮಿಲಿಸೆಕೆಂಡಿನಲ್ಲಿ ಸುದ್ದಿ ಸಿಕ್ಕಿ ಎಲ್ಲ ಸರಿಹೋಗ್ತಿತ್ತು, ಆ ಟೀಮಿಗೆ ಏನೂ ಗೊತ್ತೇ ಆಗಿರಲಿಲ್ಲ. ದಾರಿ ತುಂಬಿಸಿದವನಿಗೆ ಕೆಲವು ಮಿಲಿಸೆಕೆಂಡ್, ಒಂದೇ ಪ್ಯಾಕೆಟ್ ಹಿಡಕೊಂಡು ಬಂದವನಿಗೆ ಇನ್ನೂರು.

ಸಾಲಿನ ಕೊನೆಯ ಪ್ಯಾಕೆಟ್ ಬಿದ್ದಾಗ ಸುಳಿವು ಸಿಗಲಿ ಅಂತ ಲಿನಕ್ಸ್‌ನಲ್ಲಿ ಟೇಲ್ ಲಾಸ್ ಪ್ರೋಬ್ ಅನ್ನೋದಿದೆ. ಸರಾಸರಿಯ ಎರಡರಷ್ಟು ಹೊತ್ತು ಕಾದು ಒಂದು ಪ್ಯಾಕೆಟ್ ಕಳಿಸಿ ಕೆಣಕಿ ನೋಡುತ್ತೆ. ಆದ್ರೆ ದಾರಿಯಲ್ಲಿ ಇರೋದು ಒಂದೇ ಪ್ಯಾಕೆಟ್ ಆದಾಗ, ಆ ಕಡೆಯವನು ಬೇಕಂತಲೇ ಅಕ್ನಾಲೆಜ್‌ಮೆಂಟ್ ತಡ ಮಾಡ್ತಿರಬಹುದು ಅಂತ ಹೆಚ್ಚುವರಿ ಸಮಯ ಸೇರಿಸಿಕೊಳ್ಳುತ್ತೆ. ಹಾಗಾಗಿ ನಮಗೆ ಅದರಿಂದ ಲಾಭ ಆಗಲಿಲ್ಲ.

ಮಿತಿಯನ್ನು ಇಳಿಸಬಹುದು. ಇಡೀ ಮಶಿನಿಗೆ ಅಲ್ಲ, ಡೇಟಾ ಸೆಂಟರಿನೊಳಗಿನ ರೂಟಿಗೆ ಮಾತ್ರ:

```
ip route change 10.20.0.0/16 dev eth0 rto_min 50ms
```

ನೇರ 5ಕ್ಕೆ ಇಳಿಸೋಣ ಅಂತ ಆಸೆ ಆಗುತ್ತೆ. ಆದ್ರೆ ಲಿನಕ್ಸ್ ಸಾಮಾನ್ಯವಾಗಿ ಅಕ್ನಾಲೆಜ್‌ಮೆಂಟನ್ನು 40 ಮಿಲಿಸೆಕೆಂಡ್ ತನಕ ಹಿಡಿದಿಟ್ಟುಕೊಳ್ಳಬಹುದು. ಅದಕ್ಕಿಂತ ಕೆಳಗೆ ಹೋದರೆ ಸರಿಯಾಗಿ ತಲುಪಿದ್ದನ್ನೇ ಮತ್ತೆ ಮತ್ತೆ ಕಳಿಸ್ತಾ ಕೂರಬೇಕು, ಜೊತೆಗೆ ಪ್ರತಿ ಸಲ ವೇಗವೂ ನೆಲಕ್ಕೆ. ಅದು ಚಿಕ್ಕ ಮಟ್ಟದ 1986. ಅದಕ್ಕೆ 50 ಇಟ್ಟೆವು. ಗುಡ್ಡ 200ರಿಂದ 50ರ ಹತ್ತಿರ ಸರಿಯಿತು, ಮಾಯ ಆಗಲಿಲ್ಲ. ಅದು ಹೋಗಿದ್ದು ಫೈಲ್ ಕಾಪಿಗೆ ವೇಗದ ಮಿತಿ ಹಾಕಿ ಬಫರ್ ತುಂಬದ ಹಾಗೆ ನೋಡಿಕೊಂಡ ಮೇಲೆ. ನಿಮ್ಮ ಲೇಟೆನ್ಸಿ ಗ್ರಾಫಿನಲ್ಲೂ 200ರ ಆಚೆಗೆ ಹೀಗೊಂದು ಗುಡ್ಡ ಕಂಡರೆ, ಕೋಡ್ ಪ್ರೊಫೈಲ್ ಮಾಡೋಕೆ ಕೂರುವ ಮುಂಚೆ ಒಂದು ಸಲ `ss -ti` ಹೊಡೆದು `retrans` ಎಷ್ಟಿದೆ ನೋಡಿ.