ಹನ್ನೊಂದೂವರೆಗೆ ಬೆಳಗಾಗುವ ಮನೆ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಏಳೋ ಟೈಮು ಬೆಳಗ್ಗೆ ಆರು ಗಂಟೆ, ಮಲಗೋ ಟೈಮು ರಾತ್ರಿ ಒಂಬತ್ತೂವರೆ. ಕೇಳೋಕೆ ಯಾವುದೋ ಗುರುಕುಲದ ದಿನಚರಿ ಇದ್ದಂಗಿದೆ. ಆದರೆ ಅಲ್ಲಿನ ಗಡಿಯಾರ ಓಡೋದು ಯುಟಿಸಿಯಲ್ಲಿ. ಅದಕ್ಕೆ ಐದೂವರೆ ಗಂಟೆ ಕೂಡಿಸಿ ನಮ್ಮ ಟೈಮಿಗೆ ತಂದರೆ, ಅವರು ಏಳೋದು ಹನ್ನೊಂದೂವರೆಗೆ, ಮಲಗೋದು ನಡುರಾತ್ರಿ ಮೂರಕ್ಕೆ. ಅಂದರೆ ರಜೆ ದಿನ ನಮ್ಮ ಹಾಸ್ಟೆಲ್ ನಡೆಯೋದು ಕರೆಕ್ಟಾಗಿ ನಿಲ್ದಾಣದ ಟೈಮಲ್ಲಿ! ಈ ಲೆಕ್ಕ ನಮ್ಮ ರೂಮಲ್ಲಿ ತಮಾಷೆಯಾಗಿಯೇ ಶುರುವಾಯ್ತು. ಆಮೇಲೆ ಒಂದು ಪ್ರಶ್ನೆ ಎದ್ದಿತು. ಭೂಮಿಯ ಮೇಲೆ ಅಷ್ಟೆಲ್ಲ ಟೈಮ್ ಝೋನ್ ಇರುವಾಗ ಯುಟಿಸಿಯೇ ಯಾಕೆ? ಯಾವುದೋ ಒಂದು ಟೈಮು ಅಂತ ಇಟ್ಟುಕೊಂಡ ಮೇಲೆ ಅದರ ಪ್ರಕಾರ ನಿದ್ದೆ ಮಾಡೋದು ಅಷ್ಟು ಸುಲಭಾನಾ?

ಮೊದಲು ಸೂರ್ಯನ ವಿಷಯ ಮುಗಿಸಿಬಿಡೋಣ. ನಿಲ್ದಾಣ ಭೂಮಿಯನ್ನು ಒಂದು ಸುತ್ತು ಹಾಕೋಕೆ ಸುಮಾರು 92 ನಿಮಿಷ ಸಾಕು. ಹಾಗಾಗಿ ದಿನಕ್ಕೆ ಹದಿನೈದು ಹದಿನಾರು ಸೂರ್ಯೋದಯ, ಅಷ್ಟೇ ಸೂರ್ಯಾಸ್ತ. ಕೆಳಗಿನ ಊರಿನ ಟೈಮು ಇಟ್ಟುಕೊಳ್ಳೋಣ ಅಂದರೆ ನಾಲ್ಕು ನಿಮಿಷಕ್ಕೊಂದು ಸಲ ವಾಚು ತಿರುಗಿಸ್ತಾ ಕೂರಬೇಕು. ಇಷ್ಟು ಸಾಲದು ಅಂತ, ಜೂನ್ ಮತ್ತು ಡಿಸೆಂಬರ್ ಆಸುಪಾಸಿನಲ್ಲಿ ಕಕ್ಷೆಯ ಸಮತಲ ಸೂರ್ಯನ ಕಡೆಗೆ ಎಷ್ಟು ತಿರುಗಿರುತ್ತೆ ಅಂದರೆ, ಕೆಲವು ದಿನ ನಿಲ್ದಾಣಕ್ಕೆ ಸೂರ್ಯಾಸ್ತವೇ ಇರೋದಿಲ್ಲ. ಒಟ್ಟಿನಲ್ಲಿ ಕಿಟಕಿ ನೋಡಿ ಹೊತ್ತು ತಿಳಿಯೋ ಮಾತೇ ಇಲ್ಲ. ರಾತ್ರಿ ಅಂತ ಕರೆಯೋ ಹೊತ್ತಿಗೆ ಕಿಟಕಿ ಮುಚ್ಚಿ, ದೀಪ ತಗ್ಗಿಸಿ, ರಾತ್ರಿಯನ್ನು ಅವರೇ ಮಾಡಿಕೊಳ್ಳಬೇಕು.

ಇನ್ನು ಯುಟಿಸಿ ಯಾಕೆ ಅನ್ನೋದು. ನಿಲ್ದಾಣವನ್ನು ನೋಡಿಕೊಳ್ಳೋರು ಒಂದೇ ಊರಲ್ಲಿಲ್ಲ. ಮುಖ್ಯ ನಿಯಂತ್ರಣ ಕೇಂದ್ರಗಳು ಹ್ಯೂಸ್ಟನ್ ಮತ್ತು ಮಾಸ್ಕೋದಲ್ಲಿವೆ. ಯುರೋಪಿನ ಪ್ರಯೋಗಾಲಯವನ್ನು ಮ್ಯೂನಿಕ್ ಹತ್ತಿರದಿಂದ, ಜಪಾನಿನದನ್ನು ತ್ಸುಕುಬಾದಿಂದ ನಡೆಸ್ತಾರೆ. ನಿಲ್ದಾಣದಲ್ಲಿ ಬೆಳಗ್ಗೆ ಆರಾದಾಗ ಮಾಸ್ಕೋದಲ್ಲಿ ಒಂಬತ್ತು, ಆಫೀಸಿಗೆ ಬರೋ ಹೊತ್ತು. ತ್ಸುಕುಬಾದಲ್ಲಿ ಮಧ್ಯಾಹ್ನ ಮೂರು. ಹ್ಯೂಸ್ಟನ್‌ನಲ್ಲಿ ಮಾತ್ರ ಚಳಿಗಾಲದಲ್ಲಿ ಮಧ್ಯರಾತ್ರಿ ಹನ್ನೆರಡು, ಬೇಸಿಗೆಯಲ್ಲಿ ಒಂದು. ಹ್ಯೂಸ್ಟನ್ ಟೈಮನ್ನೇ ಇಟ್ಟಿದ್ದರೆ ಮಾಸ್ಕೋದವರು ನಡುರಾತ್ರಿವರೆಗೂ, ಅದು ದಾಟಿಯೂ ಕೂರಬೇಕಿತ್ತು. ಮಾಸ್ಕೋ ಟೈಮನ್ನು ಇಟ್ಟಿದ್ದರೆ ಹ್ಯೂಸ್ಟನ್‌ನವರಿಗೆ ಸಿಗುತ್ತಿದ್ದ ಹಗಲು ಇನ್ನೂ ಮೂರು ಗಂಟೆ ಕಡಿಮೆ. ಯುಟಿಸಿ ಇಬ್ಬರ ನಡುವಿನದು. ಮಾಸ್ಕೋಗೆ ಪೂರ್ತಿ ಹಗಲು ಸಿಗುತ್ತೆ, ಹ್ಯೂಸ್ಟನ್‌ಗೆ ಬೆಳಗಿನಿಂದ ಮಧ್ಯಾಹ್ನದವರೆಗಿನ ಭಾಗ ಸಿಗುತ್ತೆ. ಜೊತೆಗೆ ಇದು ಯಾರ ದೇಶದ ಟೈಮೂ ಅಲ್ಲ, ಬೇಸಿಗೆ ಬಂತು ಅಂತ ಒಂದು ಗಂಟೆ ಮುಂದಕ್ಕೂ ಹೋಗಲ್ಲ. ಕಕ್ಷೆಯ ಲೆಕ್ಕ, ಕಮಾಂಡು, ಟೆಲಿಮೆಟ್ರಿ ಎಲ್ಲದಕ್ಕೂ ಇದೇ ಮುದ್ರೆ. ತಿಂಗಳು ಮೊದಲೋ ತಾರೀಖು ಮೊದಲೋ ಅನ್ನೋ ಜಗಳ ಬೇಡ ಅಂತ ನಾಸಾದವರು ದಿನವನ್ನೂ ಜನವರಿ ಒಂದರಿಂದ ಎಣಿಸ್ತಾರೆ. 2020ರ ನವೆಂಬರ್ 17 ಅಂದರೆ ಅವರಿಗೆ ಜಿಎಂಟಿ 322. ಇದು ನಮಗೆ ತುಂಬಾ ಇಷ್ಟವಾಯ್ತು.

ಹಾಗಾದರೆ ಎಲ್ಲ ಸರಿ ಹೋಯ್ತಲ್ಲ, ಆರಕ್ಕೆ ಎದ್ದು ಒಂಬತ್ತೂವರೆಗೆ ಮಲಗಿದರೆ ಮುಗೀತು ಅನ್ನಿಸಬಹುದು. ಮಾಮೂಲಿ ದಿನಗಳಲ್ಲಿ ಅದು ನಡೆಯುತ್ತೆ ಕೂಡ. ತೊಂದರೆ ಶುರುವಾಗೋದು ಮನೆಗೆ ನೆಂಟರು ಬರೋವಾಗ.

ಶುಭಾಂಶು ಶುಕ್ಲಾ ಹೋದ ಆಕ್ಸಿಯಂ-4 ನೆನಪಿದೆಯಲ್ಲ? 2025ರ ಜೂನ್‌ನಲ್ಲಿ ಅದು ಪದೇ ಪದೇ ಮುಂದಕ್ಕೆ ಹೋಗ್ತಾ ಇದ್ದಾಗ ನಾವೆಲ್ಲ ಮೊಬೈಲ್ ಹಿಡಿದು ಕಾದಿದ್ದೇ ಕಾದಿದ್ದು. ಆಗಿನ ಟೈಮಿಂಗ್ಸ್ ಒಂದು ಸಲ ನೋಡಿ. ಜೂನ್ 10ಕ್ಕೆ ಇಟ್ಟಿದ್ದು ನಮ್ಮ ಸಂಜೆ 5:52. ಅದು ಒಂದು ದಿನ ಮುಂದೆ ಹೋದಾಗ 5:30. ಕೊನೆಗೆ ಹಾರಿದ್ದು ಜೂನ್ 25ರ ಮಧ್ಯಾಹ್ನ 12:01ಕ್ಕೆ. ಜೂನ್ 11ರಿಂದ 25ಕ್ಕೆ ಹದಿನಾಲ್ಕು ದಿನ, ಉಡಾವಣೆ ಹಿಂದೆ ಸರಿದದ್ದು 329 ನಿಮಿಷ. ಭಾಗಿಸಿದರೆ ದಿನಕ್ಕೆ 23.5 ನಿಮಿಷ. ಯಾರೋ ಮನಸ್ಸಿಗೆ ಬಂದ ಹಾಗೆ ಕೊಟ್ಟ ಟೈಮಲ್ಲ ಇದು.

ಕಾರಣ ಭೂಮಿಯ ಹೊಟ್ಟೆ. ಭೂಮಿ ನಡುವಿನಲ್ಲಿ ಸ್ವಲ್ಪ ಉಬ್ಬಿದೆ, ನಿಲ್ದಾಣದ ಕಕ್ಷೆ ಭೂಮಧ್ಯರೇಖೆಗೆ 51.6 ಡಿಗ್ರಿ ಓರೆಯಾಗಿದೆ. ಆ ಉಬ್ಬಿನ ಎಳೆತಕ್ಕೆ ಕಕ್ಷೆಯ ಇಡೀ ಸಮತಲ ದಿನಕ್ಕೆ ಸುಮಾರು 5 ಡಿಗ್ರಿ ಪಶ್ಚಿಮಕ್ಕೆ ತಿರುಗುತ್ತೆ. ನಕ್ಷತ್ರಗಳ ಎದುರು ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಎರಡೂ ಸೇರಿ ಆರು ಡಿಗ್ರಿ. ಗಡಿಯಾರದಲ್ಲಿ ಒಂದು ಡಿಗ್ರಿ ಅಂದರೆ ನಾಲ್ಕು ನಿಮಿಷ, ಆರಕ್ಕೆ ಇಪ್ಪತ್ನಾಲ್ಕು. ರಾಕೆಟ್ ಹಾರಬೇಕಾದದ್ದು ಉಡಾವಣಾ ಕಟ್ಟೆ ಆ ಸಮತಲದ ಕೆಳಗೆ ಬಂದಾಗ. ಆ ಘಳಿಗೆ ದಿನಾ ಸುಮಾರು ಅಷ್ಟೇ ಮುಂಚೆ ಬರುತ್ತೆ. ಎರಡು ತಿಂಗಳಲ್ಲಿ ಗಡಿಯಾರವನ್ನು ಪೂರ್ತಿ ಒಂದು ಸುತ್ತು ಹಾಕಿಬಿಡುತ್ತೆ.

ಹಾರಿದ ಮೇಲೆ ನಿಲ್ದಾಣ ಮುಟ್ಟೋಕೆ ಎಷ್ಟು ಗಂಟೆ ಅನ್ನೋದು, ಆ ಕ್ಷಣ ನಿಲ್ದಾಣ ಕಕ್ಷೆಯಲ್ಲಿ ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಹೀಗಾಗಿ ಬಂದು ಸೇರೋ ಹೊತ್ತು ದಿನದ ಯಾವ ಗಂಟೆಯಾದರೂ ಆಗಬಹುದು. ಶುಕ್ಲಾ ಅವರ ನೌಕೆ 28 ಗಂಟೆ ಪಯಣಿಸಿ ಮರುದಿನ ಯುಟಿಸಿ 10:31ಕ್ಕೆ ಸೇರಿತು. ನಿಲ್ದಾಣದವರು ತಿಂಡಿ ತಿಂದು ಕೆಲಸ ಶುರು ಮಾಡಿರೋ ಹೊತ್ತು. ಪುಣ್ಯ! ಎಲ್ಲರಿಗೂ ಆ ಪುಣ್ಯ ಇರಲ್ಲ.

2020ರ ನವೆಂಬರ್‌ನಲ್ಲಿ ಸ್ಪೇಸ್‌ಎಕ್ಸ್‌ನ ಕ್ರೂ-1 ಬಂದು ಸೇರಿದ್ದು 17ರ ಯುಟಿಸಿ 04:01ಕ್ಕೆ. ಒಳಗಿದ್ದವರು ಮೂವರು: ಕೇಟ್ ರೂಬಿನ್ಸ್, ಸೆರ್ಗೇಯ್ ರಿಝಿಕೋವ್ ಮತ್ತು ಸೆರ್ಗೇಯ್ ಕುದ್-ಸ್ವೆರ್ಚ್‌ಕೋವ್. ಮಾಮೂಲಿ ದಿನ ಆರಕ್ಕೆ ಏಳೋರ ದೇಹದ ಉಷ್ಣತೆ ಎಲ್ಲಕ್ಕಿಂತ ಕೆಳಗಿಳಿಯೋದು ಏಳೋಕೆ ಎರಡು ಮೂರು ಗಂಟೆ ಮುಂಚೆ, ಅಂದರೆ ಹೆಚ್ಚುಕಡಿಮೆ ಇದೇ ನಾಲ್ಕರ ಹೊತ್ತಿಗೆ. ತಲೆ ಮಂಕಾಗಿರೋದು, ಕಣ್ಣು ಮುಂದಿರೋ ಅಂಕಿ ತಪ್ಪಿ ಓದೋದು ಕೂಡ ಆಗಲೇ. ಸಬ್‌ಮಿಷನ್ ಹಿಂದಿನ ರಾತ್ರಿ ನಾಲ್ಕು ಗಂಟೆಗೆ ಬರೆದ ಕೋಡನ್ನು ಬೆಳಗ್ಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಹೊತ್ತಲ್ಲಿ ಟನ್‌ಗಟ್ಟಲೆ ತೂಕದ ನೌಕೆ ಹತ್ತಿರ ಬರೋದನ್ನು ಇವರು ಕಣ್ಣಿಟ್ಟು ಕಾಯಬೇಕು. ಸ್ವಯಂಚಾಲಿತವೇ ಆದರೂ, ಏನಾದರೂ ತಪ್ಪಿದರೆ ವಾಪಸ್ ಹೋಗು ಅಂತ ಕಮಾಂಡ್ ಕೊಡಬೇಕಾಗಬಹುದು.

ಅವತ್ತಿನ ನಿದ್ದೆಯನ್ನು ನಾವೇ ಪ್ಲಾನ್ ಮಾಡಬೇಕಿತ್ತು ಅಂದುಕೊಳ್ಳಿ. ನೌಕೆ ಹತ್ತಿರ ಬರೋದನ್ನು ನೋಡೋಕೆ ಹನ್ನೆರಡಕ್ಕೇ ಎದ್ದಿರಲಿ ಅಂತ ಇಟ್ಟುಕೊಂಡೆವು. ನಿದ್ದೆಯನ್ನು ಕದಲಿಸದೇ ಬಿಟ್ಟರೆ ಒಂಬತ್ತೂವರೆಯಿಂದ ಹನ್ನೆರಡು, ಸಿಗೋದು ಎರಡೂವರೆ ಗಂಟೆ. ಆಗಲ್ಲ. ನಿದ್ದೆಯನ್ನೇ ಹಿಂದಕ್ಕೆ ತಂದರೆ ಮಧ್ಯಾಹ್ನ ಮೂರೂವರೆಗೆ ಮಲಗಬೇಕು, ಆರು ಗಂಟೆಯ ವ್ಯತ್ಯಾಸ. ಮಧ್ಯಾಹ್ನ ಮೂರೂವರೆಗೆ ಮಲಗು ಅಂದರೆ ಕಣ್ಣು ಮುಚ್ಚಬಹುದು, ನಿದ್ದೆ ಬರಬೇಕಲ್ಲ? ದೇಹದ ಗಡಿಯಾರ ದಿನಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ ಸರಿಯುತ್ತೆ ಅಂದುಕೊಂಡರೆ ಆರು ದಿನ ಮೊದಲೇ ಶುರು ಮಾಡಬೇಕು, ಕೆಳಗಿನ ಕೇಂದ್ರಗಳ ಶಿಫ್ಟೂ ಅದರ ಜೊತೆ ಸರಿಯಬೇಕು. ಅಷ್ಟೆಲ್ಲ ಮಾಡಿ, ಮೋಡ ಬಂತು ಅಂತ ಉಡಾವಣೆ ಮುಂದೆ ಹೋದರೆ? ಕ್ರೂ-1 ಕೂಡ ಹವಾಮಾನದ ಕಾರಣಕ್ಕೆ ಒಂದು ದಿನ ತಡವಾಗಿಯೇ ಹಾರಿದ್ದು.

ಉಳಿದದ್ದು ನಿದ್ದೆಯನ್ನು ಮುಂದಕ್ಕೆ ತಳ್ಳೋದು. ಬಹುತೇಕ ಜನರ ಒಳಗಿನ ಗಡಿಯಾರ 24 ಗಂಟೆಗಿಂತ ಸ್ವಲ್ಪ ನಿಧಾನವಾಗಿ ಓಡುತ್ತೆ. ಅದಕ್ಕೇ ನಮಗೆ ಬೇಗ ಮಲಗೋದಕ್ಕಿಂತ ತಡವಾಗಿ ಮಲಗೋದು ಸಲೀಸು. ಆದರೆ ಆರಕ್ಕೆ ಎದ್ದವರು ಮರುದಿನ ಬಾಗಿಲು ತೆರೆದು (ಅದು ತೆರೆದದ್ದು 06:02ಕ್ಕೆ) ನೆಂಟರನ್ನು ಒಳಗೆ ಕರೆದುಕೊಂಡು ಮಲಗೋ ಹೊತ್ತಿಗೆ 26 ಗಂಟೆ ದಾಟಿರುತ್ತೆ. ಅದಕ್ಕೆ ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಒಂದು ನಿದ್ದೆ ತುರುಕಿ, ರಾತ್ರಿ ಎಚ್ಚರವಿದ್ದು, ಬೆಳಗ್ಗೆ ಎಂಟು ಒಂಬತ್ತಕ್ಕೆ ಪೂರ್ತಿ ಮಲಗಿಸಬೇಕು. ಇದು ನಮ್ಮ ಪ್ಲಾನು, ನಾಸಾದ್ದಲ್ಲ. ಆದರೆ ಹೀಗೆ ಒಂದೇ ಏಟಿಗೆ ನಿದ್ದೆಯನ್ನು ಹಲವು ಗಂಟೆ ಆಚೀಚೆ ಎಸೆಯೋದಕ್ಕೆ ಅವರಲ್ಲೂ ಒಂದು ಹೆಸರಿದೆ: ಸ್ಲ್ಯಾಮ್ ಶಿಫ್ಟ್. ಕೆಲಸ ಮುಗಿದ ಮೇಲೆ ಹಳೆ ಟೈಮಿಗೆ ವಾಪಸ್ ಬರೋದು ಇನ್ನೊಂದು ಶಿಫ್ಟ್.

ಇದರ ಬೆಲೆ ಎಷ್ಟು ಅನ್ನೋದನ್ನು ಅಳೆದಿದ್ದಾರೆ. ಕೈಗೆ ಚಲನೆ ದಾಖಲಿಸೋ ವಾಚು ಕಟ್ಟಿ, ನಿದ್ದೆಯ ಡೈರಿ ಬರೆಸಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯ್ತು. ವೇಳಾಪಟ್ಟಿಯಲ್ಲಿ ನಿದ್ದೆಗೆ ಎಂಟೂವರೆ ಗಂಟೆ ಇದ್ದರೂ, ನಿಲ್ದಾಣದ 21 ಗಗನಯಾತ್ರಿಗಳು ಮಲಗಿದ್ದು ಸರಾಸರಿ ಆರು ಗಂಟೆ ಚಿಲ್ಲರೆ. ಮುಕ್ಕಾಲು ಭಾಗ ಜನ ನಿದ್ದೆ ಮಾತ್ರೆ ತೆಗೆದುಕೊಂಡಿದ್ದರು. ಎರಡು ವರ್ಷದ ನಂತರ ಬಂದ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ಸುಮಾರು ಐದು ನಿದ್ದೆಯಲ್ಲಿ ಒಂದು ದೇಹದ ಗಡಿಯಾರಕ್ಕೆ ಹೊಂದದ ಹೊತ್ತಲ್ಲಿ ಬಿದ್ದಿತ್ತು. ಅಂಥ ದಿನ ನಿದ್ದೆ ಇನ್ನೂ ಒಂದು ಗಂಟೆ ಕಡಿಮೆ. ಮಾತ್ರೆ ನಿದ್ದೆ ತರಿಸಬಹುದು, ಗಡಿಯಾರವನ್ನು ತಿರುಗಿಸಲ್ಲ. ನಡುವೆ ತುರ್ತು ಅಲಾರಂ ಹೊಡೆದರೆ ಮಾತ್ರೆ ನುಂಗಿದವರೇ ಎದ್ದು ಓಡಬೇಕು (ತೇಲಬೇಕು ಅನ್ನಿ). ನಮಗೆ ಚಿಂತೆಯ ವಿಷಯ ಅಂತ ಕಂಡದ್ದು ಇದೇ.

ಗಡಿಯಾರವನ್ನು ತಿರುಗಿಸೋಕೆ ಇರೋ ನಿಜವಾದ ಕೀಲಿ ಬೆಳಕು. ಕಣ್ಣಿನ ರೆಟಿನಾದಲ್ಲಿ ಕೆಲವು ಕೋಶಗಳು ನೋಡೋದಕ್ಕಲ್ಲ, ಹಗಲೋ ರಾತ್ರಿಯೋ ಅಂತ ಮೆದುಳಿಗೆ ಹೇಳೋದಕ್ಕೇ ಇವೆ. ಅವಕ್ಕೆ ನೀಲಿ ಬೆಳಕು ಅಂದರೆ ಹಗಲು. 2016ರಿಂದ ನಿಲ್ದಾಣದ ಹಳೆ ಟ್ಯೂಬ್‌ಲೈಟ್‌ಗಳನ್ನು ತೆಗೆದು ಎಲ್‌ಇಡಿ ದೀಪ ಹಾಕ್ತಾ ಬಂದರು. ಅವಕ್ಕೆ ಮೂರು ಸೆಟ್ಟಿಂಗ್. ಕೆಲಸಕ್ಕೆ 4500 ಕೆಲ್ವಿನ್‌ನ ಬಿಳಿ, ಗಡಿಯಾರ ಸರಿಸೋಕೆ ನೀಲಿ ಹೆಚ್ಚಿರುವ 6500, ಮಲಗೋ ಮುಂಚೆ 2700ರ ಹಳದಿ. ಆದರೆ ಇದನ್ನು ಸರಿಯಾದ ಹೊತ್ತಿಗೆ ಹಾಕಬೇಕು. ಉಷ್ಣತೆ ತೀರಾ ಕೆಳಗಿಳಿಯೋ ಆ ಘಳಿಗೆಗೆ ಮುಂಚೆ ನೀಲಿ ಬೆಳಕು ಬಿದ್ದರೆ ಗಡಿಯಾರ ತಡವಾಗುತ್ತೆ, ಅದಾದ ಮೇಲೆ ಬಿದ್ದರೆ ಬೇಗ ಓಡುತ್ತೆ. ಒಂದೆರಡು ಗಂಟೆ ಲೆಕ್ಕ ತಪ್ಪಿದರೂ, ಯಾವ ಕಡೆ ಹೋಗಬೇಕೋ ಅದರ ಉಲ್ಟಾ ಕಡೆ ಹೋಗಬಹುದು. ಮತ್ತೆ ಆ ಕಿಟಕಿ ಇದ್ದೇ ಇದೆಯಲ್ಲ. ಮಲಗೋ ಮುಂಚೆ ಒಂದೇ ಒಂದು ಸಲ ಭೂಮಿ ನೋಡಿಬರೋಣ ಅಂತ ಹೋದರೆ, ಎದುರಿಗೆ ಪೂರ್ತಿ ಬಿಸಿಲು.

ಅಂದಹಾಗೆ, ಕ್ರೂ-1ರ ನಾಲ್ವರು ಒಳಗೆ ಬಂದ ಮೇಲೆ ಅಮೆರಿಕದ ಕಡೆಯ ಭಾಗದಲ್ಲಿ ಜನ ಐದು, ಮಲಗೋ ಗೂಡು ನಾಲ್ಕೇ. ಕಮಾಂಡರ್ ಮೈಕ್ ಹಾಪ್ಕಿನ್ಸ್ ತಾವು ಬಂದ ನೌಕೆಯಲ್ಲೇ ಹಾಸಿಗೆ ಕಟ್ಟಿಕೊಂಡರು.