ನಾಲ್ಕನೆಯ ಸಾಲು

ಅಕ್ಕನ ಮಗಳು ಜರ್ಮನಿಗೆ ಎಂ.ಎಸ್ಸಿ. ಓದಲು ಹೊರಟಾಗ ಮನೆಯವರೆಲ್ಲ ನನ್ನ ಕಡೆ ನೋಡಿದರು. ಕೋರ್ಟಿನ ಕಾಗದ, ಜಮೀನಿನ ಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಟ್ಟು ಕಾಲ ಹಾಕುವವನು ನಾನು. ‘ಎರಡೇ ಪುಟ ಮಾವ’ ಎಂದು ಅವಳು ಅಂಕಪಟ್ಟಿಗಳ ಫೈಲು ತಂದಿಟ್ಟಳು.

ಎರಡೇ ಪುಟ ಎನ್ನುವವರನ್ನು ನಂಬಬಾರದು. ಪದವಿಪತ್ರವೇನೋ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇತ್ತು. ಕೆಲಸವಿದ್ದದ್ದು ಅಂಕಪಟ್ಟಿಯ ಬೆನ್ನಿಗೆ. ಅಲ್ಲಿ ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ ಮಾತ್ರ, ನಾಲ್ಕು ಸಾಲು: 70 ಮತ್ತು ಮೇಲ್ಪಟ್ಟು ಅತ್ಯುನ್ನತ ಶ್ರೇಣಿ, 60ರಿಂದ ಪ್ರಥಮ ದರ್ಜೆ, 50ರಿಂದ ದ್ವಿತೀಯ ದರ್ಜೆ, 40ರಿಂದ ತೇರ್ಗಡೆ.

ಇಂಥದ್ದನ್ನು ಅನುವಾದಿಸುವಾಗ ಜಾಣತನ ತೋರಿಸಬಾರದು. ಪ್ರಥಮ ದರ್ಜೆ ಫಸ್ಟ್ ಕ್ಲಾಸೇ ಆಗಬೇಕು. ಅಲ್ಲಿಯವರಿಗೆ ಅರ್ಥವಾಗಲೆಂದು ‘ಎ ಗ್ರೇಡ್’ ಮಾಡಿದರೆ ಅದು ಅನುವಾದವಲ್ಲ, ಮೌಲ್ಯಮಾಪನ. ಮೊಹರು, ಓದಲಾಗದ ಸಹಿ, ಇವುಗಳನ್ನೂ ಚೌಕ ಕಂಸದೊಳಗೆ ಹೇಳಬೇಕು. ಇದೆಲ್ಲ ಗೊತ್ತಿದ್ದೂ ನಾನು ನಾಲ್ಕನೆಯ ಸಾಲನ್ನು ಬಿಟ್ಟೆ. ಹುಡುಗಿಯದು 70 ಪರ್ಸೆಂಟು. ನಮ್ಮಲ್ಲಿ 40ಕ್ಕೂ ಪಾಸು ಮಾಡುತ್ತಾರೆಂದು ಪರದೇಶದವರ ಮುಂದೆ ಏಕೆ ಹೇಳಿಕೊಳ್ಳಬೇಕು?

ಈ ಸಂಕೋಚ ಹಳೆಯದು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. 1916ರಲ್ಲಿ ಮೈಸೂರಿಗೆ ತನ್ನದೇ ವಿಶ್ವವಿದ್ಯಾಲಯ ಬರುವವರೆಗೂ ನಮ್ಮ ಮಹಾರಾಜಾ ಕಾಲೇಜಿನವರು ಮದರಾಸಿನ ಪರೀಕ್ಷೆಯನ್ನೇ ಬರೆಯುತ್ತಿದ್ದರು. ಪರೀಕ್ಷೆಯ ಜೊತೆಗೆ ಕ್ಲಾಸುಗಳೂ ನಮ್ಮಲ್ಲಿ ಬೇರುಬಿಟ್ಟವು. ರೈಲಿನಲ್ಲಿ ಇದ್ದಂತೆ ಪದವಿಯಲ್ಲೂ ಥರ್ಡ್ ಕ್ಲಾಸು ಇತ್ತು. ಅದರಲ್ಲಿ ಪಾಸಾದವರನ್ನು ‘ಗಾಂಧಿ ಕ್ಲಾಸು’ ಎಂದು ಛೇಡಿಸುತ್ತಿದ್ದರು. ನಾನು ಆ ಬೋಗಿಯಲ್ಲೇ ಬಂದವನು. ಬಿ.ಎಸ್ಸಿ.ಯಲ್ಲಿ 48.

ಅನುವಾದ ಕಳಿಸಿದ ಮೂರು ವಾರದ ಮೇಲೆ ಜರ್ಮನಿಯಿಂದ ಉತ್ತರ ಬಂತು: ಅವಳ ಜರ್ಮನ್ ಅಂಕ 2.8. ಸೇರಬೇಕಿದ್ದ ಕೋರ್ಸಿಗೆ 2.5 ಅಥವಾ ಅದಕ್ಕಿಂತ ಒಳ್ಳೆಯದು ಬೇಕಿತ್ತು. ಅವರ ಏಣಿ ತಲೆಕೆಳಗು; 1 ಅತ್ಯುತ್ತಮ, 4ಕ್ಕೆ ಪಾಸು, 5 ಎಂದರೆ ಫೇಲು.

‘ಎಷ್ಟು ಬಂತಂತೋ?’ ಎಂದಳು ಅಕ್ಕ.

‘ಎರಡು ಪಾಯಿಂಟ್ ಎಂಟು.’

‘ನೂರಕ್ಕಾ?’

ಲೆಕ್ಕ ಹಾಕುವ ಸೂತ್ರಕ್ಕೆ ಬವೇರಿಯದ ಹೆಸರಿದೆ. ಜರ್ಮನಿಯ ರಾಜ್ಯಗಳ ಶಿಕ್ಷಣ ಸಚಿವರು ವಿದೇಶದ ಪ್ರಮಾಣಪತ್ರಗಳಿಗಾಗಿ 1991ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಅದು ಇದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠದಿಂದ ಪಾಸಿನ ಅಂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಹುಡುಗಿ ಕಳೆದುಕೊಂಡದ್ದು 30 ಅಂಕ. ಪಾಸು 40 ಆದರೆ 30ನ್ನು 60ರಿಂದ ಭಾಗಿಸಬೇಕು, ಬರುವುದು ಸರಿಯಾಗಿ 2.5. ನನ್ನ ಕಾಗದದಲ್ಲಿ ಎಲ್ಲಕ್ಕಿಂತ ಕೆಳಗಿದ್ದ ಅಂಕ 50. ಅದನ್ನೇ ಪಾಸೆಂದು ಹಿಡಿದು ಅವರು 30ನ್ನು 50ರಿಂದ ಭಾಗಿಸಿದ್ದರು: 2.8.

ಅಂದರೆ, ಪಾಸಿನ ಗೆರೆ ಕೆಳಗಿದ್ದಷ್ಟೂ ಮೇಲಿನವರಿಗೆ ಲಾಭ. ಡಿಸ್ಟಿಂಕ್ಷನ್ ಹುಡುಗಿಯ ಜರ್ಮನಿ, ಏದುಸಿರು ಬಿಟ್ಟು ದಡ ಸೇರಿದ ಜಸ್ಟ್ ಪಾಸಿನವರ ಹೆಗಲ ಮೇಲೆ ನಿಂತಿತ್ತು. ನಾನು ಅವರನ್ನೇ ಮರೆಮಾಚಿದ್ದೆ.

ಈಗ ಸಾಲು ಸೇರಿಸಿ ಕಳಿಸಿದರೆ ಯಾರು ನಂಬುತ್ತಾರೆ? ಅನುವಾದಕ ಅಂಕದ ಏಣಿಯನ್ನು ಮಾಡಿಕೊಡುವಂತಿಲ್ಲ; ಅದು ವಿಶ್ವವಿದ್ಯಾಲಯದ ಬಾಯಿಂದಲೇ ಬರಬೇಕು. ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಅರ್ಜಿ ಕೊಟ್ಟು ನಾಲ್ಕು ಸಲ ಅಲೆದೆ. ಅಲ್ಲಿಯ ಗುಮಾಸ್ತರು ಮೊದಲು ‘ಒಂದು ಪೇಪರಿಗೆ ಕನಿಷ್ಠ 35’ ಎಂದು ಬೆರಳಚ್ಚು ಮಾಡಿಸಿದ್ದರು. ‘ಅದು ಲಿಖಿತ ಪರೀಕ್ಷೆಯದು ಸ್ವಾಮಿ, ಆಂತರಿಕ ಅಂಕವೂ ಸೇರಿದರೆ ಒಟ್ಟು 40 ತಾನೆ?’ ಎಂದೆ. 35 ಬರೆದಿದ್ದರೆ ಹುಡುಗಿಗೆ 2.5ಕ್ಕಿಂತಲೂ ಒಳ್ಳೆಯ ಅಂಕ ಆಗುತ್ತಿತ್ತು, ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಒಂದು ಸಲ ಕೈ ಸುಟ್ಟುಕೊಂಡಾಗಿತ್ತು. ಕೊನೆಗೆ ಲೆಟರ್‌ಹೆಡ್ಡಿನ ಮೇಲೆ, ದುಂಡು ಮೊಹರಿನೊಂದಿಗೆ, ‘ಗರಿಷ್ಠ 100, ತೇರ್ಗಡೆಗೆ ಕನಿಷ್ಠ 40’ ಎಂಬ ಪತ್ರ ಸಿಕ್ಕಿತು. ಬಿಟ್ಟ ಸಾಲನ್ನು ಸೇರಿಸಿ, ಇದು ತಿದ್ದಿದ ಅನುವಾದವೆಂದು ಒಪ್ಪಿಕೊಂಡು, ಜುಲೈ 15ರ ಗಡುವಿಗೆ ಮೊದಲೇ ಕಳಿಸಿದೆವು. 2.5 ಆಯಿತು.

ಅವಳು ಹೊರಟ ರಾತ್ರಿ ಪೆಟ್ಟಿಗೆಯಿಂದ ನನ್ನ ಹಳೆಯ ಅಂಕಪಟ್ಟಿ ತೆಗೆದೆ. ನಮ್ಮ ಕಾಲದಲ್ಲಿ ಪಾಸು 35. ನೂರರಲ್ಲಿ 48 ಹೋದರೆ 52, ಅದನ್ನು 65ರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿದೆ: 3.4. ಅವರ ಪಟ್ಟಿಯಲ್ಲಿ ಹುಡುಕಿದೆ. ಜರ್ಮನಿಯಲ್ಲಿ 3.4 ಎಂದರೆ ‘ತೃಪ್ತಿಕರ’.

ಅಪ್ಪನಿಗೆ ಆಗಿರಲಿಲ್ಲ.