ಟಿ.ಬಿ. ವಾಸಿಯಾದ ಮೇಲೂ ದಿನಾ ಬರುವ ಕಫ



ಸ್ವಲ್ಪ ಉದ್ದದ ಪೋಸ್ಟ್ ಇದು. ಸಂಘಟನೆಯ ಗೆಳೆಯರು ಕೆಲವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ತಿದಾರೆ: "ಅಣ್ಣ, ಟಿ.ಬಿ. ಮಾತ್ರೆ ಪೂರ್ತಿ ಮುಗಿಸಿ ವರ್ಷಗಳೇ ಆಯ್ತು, ಕಫ ಮಾತ್ರ ನಿಂತಿಲ್ಲ. ಮತ್ತೆ ಟಿ.ಬಿ. ಬಂತಾ?" ಆವತಿಯಲ್ಲಿ ಕೂತು ನಾನೂ ಇದೇ ಕಾಯಿಲೆ ಜೊತೆ ಬದುಕ್ತಿದೀನಿ. ಅದಕ್ಕೆ ಒಮ್ಮೆ ಎಲ್ಲರಿಗೂ ಸೇರಿಸಿ ಬರೀತಿದೀನಿ.

ಇದರ ಹೆಸರು ಬ್ರಾಂಕಿಯೆಕ್ಟೇಸಿಸ್. ನಮ್ಮ ಶ್ವಾಸನಾಳಗಳ ಒಳಗೆ ಸಣ್ಣ ಕೂದಲಿನಂಥ ಎಳೆಗಳಿವೆ. ಧೂಳು, ಕಫ ಎಲ್ಲವನ್ನೂ ಅವು ನಿಧಾನಕ್ಕೆ ಗಂಟಲ ಕಡೆ ತಳ್ತಾ ಇರ್ತವೆ. ಟಿ.ಬಿ. ಗಾಯ ಮಾಡಿದ ಕಡೆ ಈ ಎಳೆಗಳು ಹಾಳಾಗ್ತವೆ, ನಾಳದ ಗೋಡೆ ಸಡಿಲವಾಗಿ ಅಗಲವಾಗುತ್ತೆ. ತೋಟದ ಕಾಲುವೆಯ ಅಂಚು ಕುಸಿದು ಗುಂಡಿ ಬಿದ್ದರೆ ನೀರು ಮುಂದಕ್ಕೆ ಹೋಗದೆ ಅಲ್ಲೇ ನಿಂತು ಪಾಚಿ ಕಟ್ಟುತ್ತಲ್ಲ, ಹಾಗೆಯೇ. ನಿಂತ ಕಫದಲ್ಲಿ ಬೇರೆ ಬ್ಯಾಕ್ಟೀರಿಯಾ ಬೆಳೆಯುತ್ತೆ, ಸೋಂಕು ಆಗುತ್ತೆ, ಗೋಡೆ ಇನ್ನಷ್ಟು ಕೆಡುತ್ತೆ, ಮತ್ತಷ್ಟು ಕಫ ನಿಲ್ಲುತ್ತೆ. ಅಗಲವಾದ ನಾಳ ಮತ್ತೆ ಮೊದಲಿನ ಹಾಗಾಗಲ್ಲ. ಆದರೆ ದಿನಾ ಕಫ ತೆಗೆದರೆ ಈ ಸುತ್ತು ನಿಧಾನವಾಗುತ್ತೆ.

ನ್ಯುಮೋನಿಯಾ, ಮಕ್ಕಳಲ್ಲಿ ಬರುವ ನಾಯಿಕೆಮ್ಮು ಇವುಗಳಿಂದಲೂ ಈ ಕಾಯಿಲೆ ಬರಬಹುದು. ಆದರೆ ನಮ್ಮ ದೇಶದಲ್ಲಿ ಟಿ.ಬಿ.ಯದ್ದೇ ಮೊದಲ ಸ್ಥಾನ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ 2,195 ರೋಗಿಗಳ ವಿವರ ಕಲೆಹಾಕಿತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಟಿ.ಬಿ.ಯೇ ಕಾರಣವಾಗಿತ್ತು. ಇಕ್ಕಟ್ಟಿನ ಮನೆ, ಕಲ್ಲುಕ್ವಾರಿ ಧೂಳು, ಅರೆಹೊಟ್ಟೆ ಇರೋ ಕಡೆ ಟಿ.ಬಿ. ಹೆಚ್ಚು. ಹಾಗಾಗಿ ಅದು ಬಿಟ್ಟುಹೋದ ಈ ಗಾಯವೂ ನಮ್ಮ ಕೇರಿಗಳಲ್ಲೇ ಹೆಚ್ಚು ಅಂತ ನನಗನಿಸುತ್ತೆ.

ನನಗೆ ಟಿ.ಬಿ. ಬಂದದ್ದು ಮೂವತ್ತರ ಆಸುಪಾಸಿನಲ್ಲಿ. ಆರು ತಿಂಗಳ ಮಾತ್ರೆ ಮುಗಿದು ಕಫ ಪರೀಕ್ಷೆ ನೆಗೆಟಿವ್ ಬಂತು. ಆದರೂ ಪ್ರತಿ ಚಳಿಗಾಲ ಜ್ವರ, ಹಸಿರು ಕಫ. ಒಂದು ಕಡೆ ಬರೀ ಎಕ್ಸ್‌ರೇಯಲ್ಲಿ ಕಲೆ ನೋಡಿಯೇ ಮತ್ತೆ ಟಿ.ಬಿ. ಮಾತ್ರೆ ಶುರು ಮಾಡಿ ಅಂದ್ರು. ಹಳೇ ಗಾಯದ ಕಲೆ ಜೀವನಪೂರ್ತಿ ಎಕ್ಸ್‌ರೇಯಲ್ಲಿ ಕಾಣುತ್ತೆ, ಅದೊಂದರಿಂದ ತೀರ್ಮಾನ ಆಗಲ್ಲ. ಇನ್ನೊಂದು ವಿಷಯ ಇದೆ. ಸಿಬಿನ್ಯಾಟ್ ಪರೀಕ್ಷೆ ಸತ್ತ ಟಿ.ಬಿ. ಬ್ಯಾಕ್ಟೀರಿಯಾದ ಅಂಶವನ್ನೂ ಹಿಡಿಯುತ್ತೆ. ಮೊದಲು ಟಿ.ಬಿ. ಬಂದವರಿಗೆ ಅದು ಪಾಸಿಟಿವ್ ತೋರಿಸಿದರೆ, ಜೀವಂತ ಬ್ಯಾಕ್ಟೀರಿಯಾ ಇದೆಯಾ ಅಂತ ಕಲ್ಚರ್ ಮಾಡಿಸಿ ಖಚಿತ ಮಾಡ್ಕೋಬೇಕು. ನನ್ನ ಕಲ್ಚರ್‌ನಲ್ಲಿ ಟಿ.ಬಿ. ಬೆಳೆಯಲಿಲ್ಲ. ಆಮೇಲೆ ಸಿ.ಟಿ. ಸ್ಕ್ಯಾನ್ ಮಾಡಿದಾಗ ಎಡ ಶ್ವಾಸಕೋಶದ ಕೆಳಭಾಗದಲ್ಲಿ ನಾಳಗಳು ಅಗಲವಾಗಿರೋದು ಕಾಣ್ತು. ಈ ಕಾಯಿಲೆ ಖಚಿತವಾಗೋದು ಸಿ.ಟಿ.ಯಲ್ಲೇ.

ಈಗ ಕಫ ತೆಗೆಯೋ ವಿಧಾನ. ಸುಮ್ನೆ ಕ್ಯಾಕರಿಸಿ ಕೆಮ್ಮಿದರೆ ಗಂಟಲು ನೋಯುತ್ತೆ, ಆಳದಲ್ಲಿರೋದು ಅಲ್ಲೇ ಇರುತ್ತೆ. ಫಿಸಿಯೋಥೆರಪಿಯವರು ನನಗೆ ಕಲಿಸಿದ್ದು ಇದು. ನನ್ನದು ಎಡ ಕೆಳಭಾಗ ಆದ್ದರಿಂದ ಬಲಮಗ್ಗುಲಾಗಿ ಮಲಗ್ತೀನಿ, ಕೆಟ್ಟ ಭಾಗ ಮೇಲಿದ್ರೆ ಕಫ ಇಳಿದು ದೊಡ್ಡ ನಾಳಕ್ಕೆ ಬರುತ್ತೆ. ಶ್ವಾಸಕೋಶದ ತುದಿ, ಅಂದ್ರೆ ಮೇಲ್ಭಾಗ ಕೆಟ್ಟಿರೋರಿಗೆ ನೇರ ಕೂತರೆ ಸಾಕು. ಮೊದಲು ಒಂದು ನಿಮಿಷ ಹೆಗಲು ಸಡಿಲ ಬಿಟ್ಟು ಮೆತ್ತಗೆ ಉಸಿರಾಡೋದು. ಆಮೇಲೆ ಮೂಗಿನಿಂದ ಆಳವಾಗಿ ಎಳೆದು, ಮೂರು ಸೆಕೆಂಡ್ ಹಿಡಿದು, ಸುಮ್ನೆ ಬಿಡೋದು, ಹೀಗೆ ಮೂರು ನಾಲ್ಕು ಸಲ. ಹಿಡಿದ ಗಾಳಿ ಕಫದ ಹಿಂದಕ್ಕೆ ಹೋಗಿ ಸೇರಿಕೊಳ್ಳುತ್ತೆ. ಮತ್ತೆ ಮೆತ್ತಗೆ ಉಸಿರಾಟ.

ಆಮೇಲೆ ಹಫ್. ಕನ್ನಡಕದ ಗಾಜಿಗೆ ಹಬೆ ಬಿಟ್ಟು ಒರೆಸ್ತೀವಲ್ಲ, ಹಾಗೆ ಬಾಯಿ ತೆರೆದು "ಹಾ" ಅಂತ ಗಾಳಿ ತಳ್ಳೋದು. ಮೊದಲು ಅರ್ಧ ಉಸಿರು ಎಳೆದು ಉದ್ದಕ್ಕೆ ತಳ್ಳಿದ್ರೆ ಆಳದ ಕಫ ಅಲುಗುತ್ತೆ. ಅದು ಮೇಲೆ ಬಂದು ಗೊರಗೊರ ಅಂದಾಗ ಪೂರ್ತಿ ಉಸಿರು ಎಳೆದು ಚಿಕ್ಕದಾಗಿ, ಜೋರಾಗಿ ಒಂದು ಹಫ್, ಇಲ್ಲಾಂದ್ರೆ ಒಂದೇ ಕೆಮ್ಮು. ಬಂದದ್ದನ್ನು ಉಗಿದು ಮತ್ತೆ ಮೊದಲಿಂದ. ಎರಡು ಸುತ್ತು ಹಫ್ ಒಣಗಿದ ಸದ್ದು ಮಾಡಿ ಏನೂ ಬರಲಿಲ್ಲ ಅಂದ್ರೆ ಖಾಲಿ ಆಯ್ತು ಅಂತ ಅರ್ಥ. ನನಗೆ ಹದಿನೈದು ಇಪ್ಪತ್ತು ನಿಮಿಷ ಬೇಕು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ. ಊಟ ಆದ ತಕ್ಷಣ ಮಾಡಬೇಡಿ. ತಲೆ ಕೆಳಗೆ ಮಾಡಿ ಮಲಗೋ ಹಳೇ ಪದ್ಧತಿ ಬಿ.ಪಿ., ಹುಳಿತೇಗು ಇರೋರಿಗೆ ಒಳ್ಳೇದಲ್ಲ. ಕಫದಲ್ಲಿ ರಕ್ತ ಬರ್ತಿದ್ರೆ ತಲೆ ಕೆಳಗೂ ಬೇಡ, ಈ ಅಭ್ಯಾಸವೂ ಬೇಡ, ಮೊದಲು ಡಾಕ್ಟರ್‌ಗೆ ತೋರಿಸಿ.

ಕಷ್ಟ ಇರೋದು ಉಗಿಯೋದರಲ್ಲಿ. ಪೇಶ್ವೆಗಳ ಕಾಲದ ಪೂನಾದಲ್ಲಿ ಅಸ್ಪೃಶ್ಯರು ಉಗುಳಲಿಕ್ಕೆ ಕೊರಳಲ್ಲಿ ಮಡಕೆ ಕಟ್ಟಿಕೊಂಡು ಓಡಾಡಬೇಕಿತ್ತು ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಮೊದಲೇ ಬೇರೆ ಲೋಟದಲ್ಲಿ ಟೀ ಕುಡಿದ ಜನ ನಾವು, ಆಫೀಸಲ್ಲಿ ಕಫ ಉಗಿದರೆ ಏನಂದುಕೊಳ್ತಾರೋ ಅಂತ ಎಷ್ಟೋ ಜನ ನುಂಗ್ತಾರೆ, ಕೆಮ್ಮನ್ನೇ ತಡೀತಾರೆ. ತಡೆದದ್ದು ಒಳಗೇ ಉಳಿಯುತ್ತೆ. ಟಿ.ಬಿ. ಇಲ್ಲ ಅಂತ ಪರೀಕ್ಷೆ ಹೇಳಿದ ಮೇಲೆ ನಮ್ಮ ಕಫದಿಂದ ಪಕ್ಕದವರಿಗೆ ಟಿ.ಬಿ. ಹರಡಲ್ಲ. ನಾನು ಬ್ಯಾಗಲ್ಲಿ ಮುಚ್ಚಳದ ಡಬ್ಬಿ ಇಟ್ಕೊಂಡಿದೀನಿ, ಶೌಚಾಲಯದಲ್ಲಿ ಖಾಲಿ ಮಾಡಿ ತೊಳೀತೀನಿ. ಕೊರಳಿಗೆ ಕಟ್ಟಿದ ಮಡಕೆ ಬೇರೆ, ನನ್ನ ಶ್ವಾಸಕೋಶಕ್ಕಾಗಿ ನಾನೇ ಇಟ್ಟುಕೊಂಡ ಡಬ್ಬಿ ಬೇರೆ.

ಆ ಡಬ್ಬಿಗೆ ಇನ್ನೊಂದು ಉಪಯೋಗ ಇದೆ. ದಿನಾ ಎಷ್ಟು ಬರುತ್ತೆ, ಯಾವ ಬಣ್ಣ ಅಂತ ಗೊತ್ತಾಗುತ್ತೆ. ನನ್ನದು ಮಾಮೂಲಿಗೆ ಎರಡು ಮೂರು ಚಮಚ, ತಿಳಿ ಹಳದಿ. ಕಫ ಜಾಸ್ತಿಯಾಗಿ, ಗಟ್ಟಿಯಾಗಿ, ಹಸಿರಾಗಿ, ಜೊತೆಗೆ ಕೆಮ್ಮು, ಸುಸ್ತು, ಉಬ್ಬಸ ಏರಿ ಎರಡು ದಿನ ಹಾಗೇ ಇದ್ರೆ ಅದು ಹೊಸ ಸೋಂಕು. ಆಗ ಮೊದಲ ಮಾತ್ರೆ ನುಂಗೋಕೆ ಮುಂಚೆ ಕಫದ ಸ್ಯಾಂಪಲ್ ಕಲ್ಚರ್‌ಗೆ ಕೊಡಿ, ಕೊಟ್ಟ ಮೇಲೆ ಔಷಧ ಶುರು ಮಾಡಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತೆ ಅನ್ನೋದು ಅದರಲ್ಲೇ ಗೊತ್ತಾಗೋದು. ಈ ಕಾಯಿಲೆಗೆ ಆಂಟಿಬಯೋಟಿಕ್ ಸಾಮಾನ್ಯವಾಗಿ ಹದಿನಾಲ್ಕು ದಿನ ಕೊಡ್ತಾರೆ. ಮೆಡಿಕಲ್ ಸ್ಟೋರಲ್ಲಿ ಕೇಳಿ ಮೂರು ದಿನದ ಲಿವೋಫ್ಲಾಕ್ಸಾಸಿನ್ ತಗೊಳ್ಳೋದು ಅಪಾಯ. ನಿಜವಾಗಲೂ ಟಿ.ಬಿ. ಮರಳಿದ್ರೆ ಆ ಮಾತ್ರೆ ಅದನ್ನು ಸ್ವಲ್ಪ ಅಡಗಿಸಿ, ಪತ್ತೆಯಾಗೋದನ್ನು ತಡ ಮಾಡುತ್ತೆ.

ವರ್ಷಕ್ಕೆ ಮೂರು ಸಲವೋ ಅದಕ್ಕಿಂತ ಹೆಚ್ಚೋ ಸೋಂಕಾದರೆ ತಿಂಗಳುಗಟ್ಟಲೆ ಅಜಿತ್ರೋಮೈಸಿನ್ ಕೊಡೋದುಂಟು. ಅದಕ್ಕೆ ಮುಂಚೆ ಟಿ.ಬಿ.ಯ ಸಂಬಂಧಿ ಬ್ಯಾಕ್ಟೀರಿಯಾಗಳಿಗೆ ಕಫ ಪರೀಕ್ಷೆ ಆಗಿರಬೇಕು, ಕೇಳಿ. ಜೊತೆಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೋಕಾಕಲ್ ಲಸಿಕೆ, ಸೌದೆ ಒಲೆ ಹೊಗೆಯಿಂದ ದೂರ. ಲೋಟಗಟ್ಟಲೆ ರಕ್ತ ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಕೆಟ್ಟ ಭಾಗ ಕೆಳಗೆ ಬರೋ ಹಾಗೆ ಮಗ್ಗುಲಾಗಿಸಿ, 108ಕ್ಕೆ ಫೋನ್ ಮಾಡಿ.

ಮುಂದಿನ ಸಲ ಆಸ್ಪತ್ರೆಗೆ ಹೋಗೋರು ಹಳೇ ಟಿ.ಬಿ. ಚೀಟಿ, ಹಳೇ ಎಕ್ಸ್‌ರೇ ಎಲ್ಲ ಕೈಲಿ ಹಿಡ್ಕೊಂಡು ಹೋಗಿ. "ಸಾರ್, ಸಿ.ಟಿ. ಬೇಕಾ? ಕಫ ತೆಗೆಯೋ ಫಿಸಿಯೋಥೆರಪಿ ಯಾರು ಕಲಿಸ್ತಾರೆ?" ಅಂತ ಬಾಯಿ ಬಿಟ್ಟು ಕೇಳಿ. ಮಾತ್ರೆ ಚೀಟಿ ಕೇಳದೇ ಸಿಗುತ್ತೆ, ಇದು ಕೇಳದೆ ಸಿಗಲ್ಲ.

ಜೈಭೀಮ್.